ಅರ್ಧ ಪುಟದ ಮಳೆಗೆ 29 ಸಾವಿರ!

‘ಕ್ಯಾಮೆರಾ, ಲೈಟು, ಊಟ ಇತ್ಯಾದಿ – ₹40,000.’

ನಮ್ಮ ಕಿರುಚಿತ್ರಕ್ಕೆ ಕಾಲೇಜಿನ ಸಾಂಸ್ಕೃತಿಕ ಸಮಿತಿಯಿಂದ ಹಣ ಕೇಳಿ ನಾನು ಕೊಟ್ಟ ಬಜೆಟ್ ಇಷ್ಟೇ. ಸ್ಕ್ರಿಪ್ಟ್ ಮಾತ್ರ 12 ಪುಟವಿತ್ತು. ‘ಇತ್ಯಾದಿ ಅಂದ್ರೆ ಎಷ್ಟಪ್ಪಾ?’ ಎಂದು ಸರ್ ಫೈಲ್ ವಾಪಸ್ ಕೊಟ್ಟರು. ಮಿತಿ 50 ಸಾವಿರ, ಗಡುವು ಒಂದು ವಾರ ಎಂದೂ ಹೇಳಿದರು.

ಸಿನಿಮಾದಲ್ಲಿ ಸಹಾಯಕ ನಿರ್ದೇಶಕನಾಗಿರುವ ನಮ್ಮ ಸೀನಿಯರ್ ಅಣ್ಣನೊಬ್ಬನ ಬಳಿ ಓಡಿದೆ. ಆತ ಬಜೆಟ್ ನೋಡಲೇ ಇಲ್ಲ. ಸ್ಕ್ರಿಪ್ಟ್ ತೆಗೆಸಿ, ಕೈಗೆ ಬಣ್ಣದ ಪೆನ್ನು ಕೊಟ್ಟ. ‘ಒಂದೊಂದು ದೃಶ್ಯ ಓದು. ದುಡ್ಡು ಕೇಳೋ ಪದದ ಕೆಳಗೆಲ್ಲ ಗೆರೆ ಎಳಿ’ ಅಂದ. ಯಾರಿದ್ದಾರೆ, ಎಲ್ಲಿ, ಹಗಲೋ ರಾತ್ರಿಯೋ, ಕೈಯಲ್ಲಿ ಏನಿದೆ ಎಂದು ದೃಶ್ಯಕ್ಕೊಂದು ಹಾಳೆ ಮಾಡಿಸಿದ. ಚಿತ್ರರಂಗದಲ್ಲಿ ಇದನ್ನು ‘ಬ್ರೇಕ್‌ಡೌನ್’ ಅಂತಾರೆ. ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕವೂ ಇದೆ. ಆದರೆ ಪುಟ ಚಿಕ್ಕದಾದರೆ ಖರ್ಚೂ ಚಿಕ್ಕದು ಎಂದುಕೊಂಡರೆ ಕೆಟ್ಟಿರಿ.

ನನ್ನ ಏಳನೇ ದೃಶ್ಯ ಅರ್ಧ ಪುಟದ್ದು: ‘ರಾತ್ರಿ. ಮಳೆ. ಬಸ್ ನಿಲ್ದಾಣದಲ್ಲಿ ಅಪ್ಪ ಕಾಯುತ್ತಿದ್ದಾನೆ.’ ಐದು ಪದಗಳಿಗೆ ಗೆರೆ ಬಿತ್ತು. ಮಳೆಗೆ ಟ್ಯಾಂಕರ್ ನೀರು, ಪೈಪು, ₹4,500. ಬಯಲಲ್ಲಿ ಲೈಟು ಉರಿಯಲು ಡೀಸೆಲ್ ಸಮೇತ ಜನರೇಟರ್, ₹6,000. ನಡುರಾತ್ರಿ ಬಸ್ಸಿಲ್ಲ, ಎಲ್ಲರನ್ನೂ ಮನೆ ಸೇರಿಸಲು ಟೆಂಪೊ, ₹4,000. ಊಟ, ಬಾಟಾ ಸೇರಿ ಮತ್ತೆ ₹4,000. ಹಗಲಿನ ಕೆಲಸ ಎರಡು ದಿನಕ್ಕೆ ಮುಗಿಯುತ್ತಿದ್ದರಿಂದ, ಇದೊಂದಕ್ಕೇ ಸಲಕರಣೆಗಳ ಬಾಡಿಗೆ ಮೂರನೇ ದಿನಕ್ಕೆ ಹೋಯಿತು, ₹10,620. ಕೂಡಿದರೆ ₹29,120! ನಿಲ್ದಾಣದ ಅನುಮತಿಯ ಶುಲ್ಕ ಇನ್ನೂ ಸೇರಿರಲಿಲ್ಲ.

ನಾನು ಕಥೆ ಬರೆದದ್ದೇ ಆ ದೃಶ್ಯಕ್ಕಾಗಿ. ಎರಡು ದಿನ ಬೇಜಾರಲ್ಲಿದ್ದೆ. ಕೊನೆಗೆ ಅಪ್ಪನನ್ನು ಮನೆಯೊಳಗೆ ತಂದೆ. ಕಿಟಕಿಗೆ ಕಪ್ಪು ಕಂಬಳಿ ಕಟ್ಟಿದರೆ ಮಧ್ಯಾಹ್ನವೇ ರಾತ್ರಿ. ಹೊರಗೆ ಮಳೆಯ ಸದ್ದು, ಬಾಗಿಲ ಬಳಿ ನೀರು ತೊಟ್ಟಿಕ್ಕುವ ಕೊಡೆ. ಸದ್ದನ್ನು ಮಳೆ ಬಂದ ದಿನ ಹಾಸ್ಟೆಲ್ ವರಾಂಡದಲ್ಲಿ ರೆಕಾರ್ಡ್ ಮಾಡಿದೆವು. ಮೂರನೇ ದಿನ ಪಟ್ಟಿಯಿಂದ ಹೋಯಿತು.

ಉಳಿದ ಎರಡು ದಿನದ ಪಟ್ಟಿಯಲ್ಲಿ ಪ್ರತಿ ಸಾಲಿಗೂ ದರ, ಸಂಖ್ಯೆ, ದಿನ ಎಂಬ ಕಾಲಂ ಹಾಕಿದೆ. ಕ್ಯಾಮೆರಾ, ಸೌಂಡ್, ಲೈಟು ಸೇರಿ ದಿನಕ್ಕೆ ₹9,000. ಅದರ ಮೇಲೆ 18% ಜಿಎಸ್‌ಟಿ ಇದೆ ಎಂಬುದು ಕೊಟೇಶನ್ ಕೈಗೆ ಬಂದಾಗಲೇ ಗೊತ್ತಾಗಿದ್ದು. ಫೋನಲ್ಲಿ ಕೇಳಿದ ದರವನ್ನೇ ಬರೆದಿದ್ದರೆ ಎರಡು ದಿನಕ್ಕೆ ₹3,240 ಕಡಿಮೆ ಬೀಳುತ್ತಿತ್ತು. ಬಾಡಿಗೆ ಸಾಮಾನಿನ ಜತೆ ಅದನ್ನು ನೋಡಿಕೊಳ್ಳುವ ಇಬ್ಬರು ಹುಡುಗರೂ ಬರುತ್ತಾರೆ. ಅವರ ದಿನದ ಬಾಟಾ ಬೇರೆ, ತಲಾ ₹1,000. ಹಾಗಾಗಿ ಊಟದ ಸಾಲಿನಲ್ಲೂ ನಮ್ಮ 14 ಜನ 16 ಆಯಿತು. ತಿಂಡಿ, ಊಟ, ಎರಡು ಹೊತ್ತಿನ ಟೀಗೆ ತಲೆಗೆ ₹150ರಂತೆ ಎರಡು ದಿನಕ್ಕೆ ₹4,800.

ಸಮಿತಿ ಎದುರು ಪ್ರಶ್ನೆ ಬಂದದ್ದು ಹಾರ್ಡ್‌ಡಿಸ್ಕಿನ ₹5,000ಕ್ಕೆ. ಪುಣ್ಯಕ್ಕೆ ಅದು ನಮ್ಮದೇ ಸಬ್ಜೆಕ್ಟು! ನಮ್ಮ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ, ಅಂದರೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ನಾಲ್ಕು ಗಂಟೆ ಚಿತ್ರಿಸಿದರೆ 180 ಜಿಬಿ, ಅದಕ್ಕೆ ಎರಡು ಪ್ರತಿ ಬೇಕೇ ಬೇಕು. ಒಂದು ಡಿಸ್ಕ್ ಸ್ನೇಹಿತನದು, ಇನ್ನೊಂದು ಕೊಳ್ಳಬೇಕು. ಸರ್ ತಲೆಯಾಡಿಸಿದರು.

‘ಮನೆ ಬಾಡಿಗೆ – ₹0, ಗೆಳೆಯನ ಮನೆ, ಒಪ್ಪಿಗೆ ಪತ್ರ ಲಗತ್ತಿಸಿದೆ’ ಎಂದೂ ಒಂದು ಸಾಲು ಬರೆದಿದ್ದೆ. ಅಣ್ಣ ಹೇಳಿಕೊಟ್ಟದ್ದು. ಸಾಲೇ ಇರದಿದ್ದರೆ ಮರೆತಿದ್ದಾರೆ ಅಂದುಕೊಳ್ಳುತ್ತಾರಂತೆ.

ಓಡಾಟ, ಬಟ್ಟೆಬರೆ, ಎಡಿಟಿಂಗ್ ಎಲ್ಲ ಸೇರಿ ₹45,540. ಅನಿರೀಕ್ಷಿತ ಖರ್ಚಿಗೆ 10% ಸೇರಿಸಿದರೆ ₹50,094. ಮಿತಿಗಿಂತ 94 ರೂಪಾಯಿ ಜಾಸ್ತಿ! ಆ 10%ಗೆ ಕೈ ಹಾಕಬೇಡ ಎಂದಿದ್ದ ಅಣ್ಣ. ಬಟ್ಟೆಬರೆಯಲ್ಲಿ ನೂರು ಇಳಿಸಿದೆ. ₹49,984ಕ್ಕೆ ಸಹಿ ಬಿತ್ತು.

ಕೈ ಹಾಕದ್ದು ಒಳ್ಳೆಯದಾಯಿತು. ಬಾಡಿಗೆಯ ‘ಒಂದು ದಿನ’ ಅಂದರೆ 12 ಗಂಟೆ. ಎರಡನೇ ದಿನ ನಾವು ಎರಡು ಗಂಟೆ ಮೀರಿದೆವು. ಹೆಚ್ಚುವರಿ ಬಾಡಿಗೆ, ರಾತ್ರಿ ಆಟೊಗಳು ಸೇರಿ ₹3,100 ಅಲ್ಲಿಂದಲೇ ಹೋಯಿತು. ಉಳಿದ ₹1,444 ಬಿಲ್ಲುಗಳ ಜತೆ ವಾಪಸ್ ಕೊಟ್ಟೆ. ಟೀ ಅಂಗಡಿಯಲ್ಲಿ ಬಿಲ್ ಪುಸ್ತಕವೇ ಇರಲಿಲ್ಲ. ಬಿಳಿ ಹಾಳೆಯ ಮೇಲೆ ವೋಚರ್ ಬರೆದು ಅಜ್ಜನ ಸಹಿ ಹಾಕಿಸಿಕೊಂಡು ಬಂದೆ.