ಬಲದ ಸೂತ್ರ ಗೊತ್ತಿಲ್ಲದೆಯೂ ಉತ್ತರ

ಸ್ಪ್ರಿಂಗಿಗೆ ಕಟ್ಟಿದ ತೂಕವೊಂದನ್ನು ಹೊರಗಿನ ಬಲ ಅಲುಗಾಡಿಸುತ್ತಿದ್ದರೆ, ಅದರ ಚಲನೆಯನ್ನು ಇಂಥದೊಂದು ಅವಕಲ ಸಮೀಕರಣದಲ್ಲಿ ಬರೆಯಬಹುದು:

x'' + 4x = f(t)

ಇಲ್ಲಿ x ಎಂದರೆ ತೂಕ ತನ್ನ ನೆಲೆಯಿಂದ ಸರಿದ ದೂರ. f(t) ಎಂದರೆ t ಕ್ಷಣದಲ್ಲಿ ಅದರ ಮೇಲಿರುವ ಬಲ. ದ್ರವ್ಯರಾಶಿಯನ್ನು 1 ಎಂದೂ ಸ್ಪ್ರಿಂಗಿನ ಬಿಗಿತವನ್ನು 4 ಎಂದೂ ಇಟ್ಟುಕೊಳ್ಳಲಾಗಿದೆ. ಹೊರಗಿನ ಬಲವೇ ಇಲ್ಲದಿದ್ದರೆ ಈ ತೂಕ π ಸೆಕೆಂಡಿಗೆ, ಅಂದರೆ ಸುಮಾರು 3.14 ಸೆಕೆಂಡಿಗೆ, ಒಂದು ತೂಗಾಟ ಮುಗಿಸುತ್ತದೆ.

f(t) ಒಂದು ಸ್ಥಿರ ಸಂಖ್ಯೆಯೋ ಸೈನ್ ಅಲೆಯೋ ಆಗಿದ್ದರೆ ಪಠ್ಯಪುಸ್ತಕದ ಸಾಮಾನ್ಯ ವಿಧಾನಗಳೇ ಸಾಕು. ಆದರೆ ಭೂಕಂಪದ ವೇಳೆ ನೆಲ ನಡುಗುವುದಕ್ಕೆ ಯಾವ ಸೂತ್ರವೂ ಇರುವುದಿಲ್ಲ. ಇರುವುದು ಉಪಕರಣ ಬರೆದಿಟ್ಟ ಅಂಕಿಗಳ ಪಟ್ಟಿ ಮಾತ್ರ. ಹೀಗೆ f ಯಾವುದೆಂದು ಮೊದಲೇ ತಿಳಿಯದಿದ್ದರೂ ಸಮೀಕರಣವನ್ನು ಒಂದೇ ಸಲ ಬಿಡಿಸಿಟ್ಟುಕೊಳ್ಳುವ ದಾರಿಯನ್ನು ಲಾಪ್ಲಾಸ್ ಪರಿವರ್ತನೆಯ ಕನ್ವಲ್ಯೂಷನ್ ಪ್ರಮೇಯ ತೋರಿಸುತ್ತದೆ.

ತೂಕ ಆರಂಭದಲ್ಲಿ ನಿಶ್ಚಲವಾಗಿದೆ ಎನ್ನೋಣ: x(0) = 0, x'(0) = 0. ಎರಡೂ ಬದಿಗೆ ಲಾಪ್ಲಾಸ್ ಪರಿವರ್ತನೆ ಹಚ್ಚಿದರೆ ಅವಕಲನ ಹೋಗಿ ಬರೀ ಬೀಜಗಣಿತ ಉಳಿಯುತ್ತದೆ:

X(s) = F(s) · 1/(s² + 4)

F(s) ಎಂಬುದು f(t)ಯ ಪರಿವರ್ತನೆ. ಈಗ X(s)ನಿಂದ x(t)ಗೆ ಮರಳಬೇಕು. 1/(s² + 4) ಯಾವುದರ ಪರಿವರ್ತನೆ ಎಂದು ಕೋಷ್ಟಕದಲ್ಲಿ ನೋಡಿದರೆ (1/2) sin 2t ಎಂದು ಸಿಗುತ್ತದೆ. F(s)ನ ವಿಲೋಮ f(t) ಎಂಬುದಂತೂ ಗೊತ್ತೇ ಇದೆ. ಹಾಗಾದರೆ ಎರಡನ್ನೂ ಗುಣಿಸಿಬಿಟ್ಟರೆ ಉತ್ತರ ಬಂತಲ್ಲ ಎಂದು ಅನಿಸುವುದು ಸಹಜ, ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದೂ ಇಲ್ಲೇ. ಸಣ್ಣದೊಂದು ಪರೀಕ್ಷೆ ಈ ತಪ್ಪನ್ನು ಬಯಲು ಮಾಡುತ್ತದೆ. 1/s ಎಂಬುದು 1ರ ಪರಿವರ್ತನೆ. 1/s ಮತ್ತು 1/s ಗುಣಿಸಿದರೆ 1/s². ವಿಲೋಮಗಳನ್ನು ಗುಣಿಸಿದರೆ 1 ಬರಬೇಕು. ಆದರೆ 1/s²ದ ನಿಜವಾದ ವಿಲೋಮ t. ಗುಣಲಬ್ಧದ ವಿಲೋಮ ವಿಲೋಮಗಳ ಗುಣಲಬ್ಧವಲ್ಲ.

ಹಾಗಿದ್ದರೆ ಅದು ಏನು? ಪ್ರಮೇಯ ಹೇಳುವುದು ಹೀಗೆ: F(s)ನ ವಿಲೋಮ f, G(s)ನ ವಿಲೋಮ g ಆಗಿದ್ದರೆ, F(s)G(s)ನ ವಿಲೋಮ

∫₀ᵗ f(τ) g(t − τ) dτ

ಈ ಅನುಕಲನಕ್ಕೇ f ಮತ್ತು gಗಳ ಕನ್ವಲ್ಯೂಷನ್ ಎಂದು ಹೆಸರು. f ಮತ್ತು g ಎರಡೂ 1 ಆಗಿದ್ದಾಗ ಇದು 0ಯಿಂದ tವರೆಗೆ 1ರ ಅನುಕಲನ, ಅಂದರೆ t. ಮೇಲಿನ ಪರೀಕ್ಷೆ ಸರಿಹೋಯಿತು. ಅನುಕಲನ ಮಾಡುವಾಗ t ಸ್ಥಿರವಾಗಿ ನಿಂತಿರುತ್ತದೆ, ಬದಲಾಗುವುದು τ ಮಾತ್ರ. ಇವೆರಡನ್ನು ಬೆರೆಸಿಕೊಂಡರೆ ಲೆಕ್ಕ ಕೆಡುತ್ತದೆ.

ನಮ್ಮ ಸಮೀಕರಣಕ್ಕೆ ಇದನ್ನು ಹಚ್ಚಿದರೆ ಬರುವ ಉತ್ತರ:

x(t) = (1/2) ∫₀ᵗ f(τ) sin 2(t − τ) dτ

ಇದರೊಳಗಿನ ಭೌತಿಕ ಅರ್ಥ ಬಹಳ ಸುಂದರವಾದದ್ದು. ನಿಶ್ಚಲವಾದ ತೂಕಕ್ಕೆ ಕ್ಷಣಮಾತ್ರ ಒಂದು ಪೆಟ್ಟು ಕೊಟ್ಟರೆ ಅದು (1/2) sin 2t ಎಂಬಂತೆ ತೂಗಾಡತೊಡಗುತ್ತದೆ. ಎಷ್ಟೇ ಸಿಕ್ಕುಸಿಕ್ಕಾದ ಬಲವನ್ನೂ ಒಂದರ ಹಿಂದೊಂದು ಬೀಳುವ ಸಣ್ಣ ಪೆಟ್ಟುಗಳ ಸಾಲೆಂದು ನೋಡಬಹುದು. τ ಕ್ಷಣದಲ್ಲಿ ಬಿದ್ದ ಪೆಟ್ಟಿನ ಗಾತ್ರ f(τ) dτ. t ಕ್ಷಣದ ಹೊತ್ತಿಗೆ ಅದಕ್ಕೆ t − τ ಸೆಕೆಂಡು ವಯಸ್ಸಾಗಿರುತ್ತದೆ. ಆದ್ದರಿಂದ ಅದರ ಪಾಲು (1/2) sin 2(t − τ) ಪಟ್ಟು. ಹಿಂದೆ ಬಿದ್ದ ಎಲ್ಲ ಪೆಟ್ಟುಗಳ ಪಾಲನ್ನೂ ಕೂಡಿಸಿದರೆ ಮೇಲಿನ ಅನುಕಲನವೇ ಸಿಗುತ್ತದೆ. ಮುಂದೆ ಬೀಳಲಿರುವ ಪೆಟ್ಟುಗಳಿಗೆ ಇಲ್ಲಿ ಜಾಗವಿಲ್ಲ. ಅನುಕಲನ tಯಲ್ಲಿ ನಿಲ್ಲುವುದು ಅದಕ್ಕಾಗಿಯೇ.

ಒಂದು ಬಲವನ್ನು ಹಾಕಿ ನೋಡೋಣ. f = 1 ಎಂಬ ಸ್ಥಿರ ಬಲ ಹಠಾತ್ತನೆ ಬಂದು ಹಾಗೇ ನಿಂತರೆ, ಅನುಕಲನದಿಂದ x(t) = (1/4)(1 − cos 2t). ಅದೇ ಬಲವನ್ನು ಬಹಳ ನಿಧಾನವಾಗಿ ಹೇರಿದ್ದರೆ ತೂಕ 1/4ರಷ್ಟು ಸರಿದು ನಿಲ್ಲುತ್ತಿತ್ತು. ಹಠಾತ್ತನೆ ಬಂದಾಗ ಅದು 1/2ರವರೆಗೆ, ಸರಿಯಾಗಿ ಎರಡರಷ್ಟು, ಹೋಗುತ್ತದೆ.

ಈಗ ಆ ಬಲ π/2 ಸೆಕೆಂಡು ಇದ್ದು ಮಾಯವಾಯಿತು ಎನ್ನೋಣ. ಆಮೇಲಿನ ಕಾಲಕ್ಕೆ ಅನುಕಲನ 0ಯಿಂದ π/2ವರೆಗೆ ಮಾತ್ರ. ಉತ್ತರ −(1/2) cos 2t: ಬಲ ಹೋದ ಮೇಲೂ ತೂಕ 1/2ರಷ್ಟು ಅತ್ತಿತ್ತ ತೂಗಾಡುತ್ತಲೇ ಇರುತ್ತದೆ. ಬಲ π ಸೆಕೆಂಡು, ಅಂದರೆ ತೂಕದ ಒಂದು ಪೂರ್ಣ ತೂಗಾಟದಷ್ಟು ಕಾಲ ಇದ್ದು ಹೋದರೆ? ಅನುಕಲನ ಸೊನ್ನೆ. ಬಲ ಹೋದ ಕ್ಷಣವೇ ತೂಕ ತನ್ನ ನೆಲೆಯಲ್ಲಿ ಸ್ತಬ್ಧವಾಗುತ್ತದೆ. ಇಮ್ಮಡಿ ಕಾಲ ತಳ್ಳಿದರೂ ಕೊನೆಗೆ ಚಲನೆಯೇ ಉಳಿಯುವುದಿಲ್ಲ. ಎಷ್ಟು ಬಲ ಎಂಬುದಕ್ಕಿಂತ ಅದು ತೂಗಾಟದ ಯಾವ ಹಂತದಲ್ಲಿ ಬಿತ್ತು ಎಂಬುದೇ ಇಲ್ಲಿ ನಿರ್ಣಾಯಕ. ಪೆಟ್ಟುಗಳು ತೂಗಾಟದ ಲಯಕ್ಕೇ ಹೊಂದಿ ಬಿದ್ದರೆ, ಉದಾಹರಣೆಗೆ f = sin 2t ಆದರೆ, ಉತ್ತರದಲ್ಲಿ −(1/4) t cos 2t ಎಂಬ ಪದ ಬರುತ್ತದೆ. t ಗುಣಕವಾಗಿ ನಿಂತಿರುವುದರಿಂದ ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ಇದು ಅನುರಣನ.

ಎಂಜಿನಿಯರುಗಳು ಈ ಅನುಕಲನವನ್ನು ಫ್ರೆಂಚ್ ಗಣಿತಜ್ಞ ಡ್ಯುಹಮೆಲ್ ಹೆಸರಿನಿಂದ ಕರೆಯುತ್ತಾರೆ. ಅದರ ನಿಜವಾದ ಉಪಯೋಗ ಕಾಣುವುದು ಭೂಕಂಪದ ಲೆಕ್ಕದಲ್ಲಿ. 1940ರ ಮೇ 18ರಂದು ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೊದಲ್ಲಿ ನೆಲದ ವೇಗೋತ್ಕರ್ಷ ದಾಖಲಾಯಿತು. ಅದರ ಗರಿಷ್ಠ ಮಟ್ಟ ಗುರುತ್ವದ ಸುಮಾರು ಮೂರನೇ ಒಂದರಷ್ಟಿತ್ತು. ಆ ದಾಖಲೆ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಒಂದು ಕಟ್ಟಡವನ್ನು ಸ್ಪ್ರಿಂಗ್ ಮತ್ತು ತೂಕವೆಂದು ಸರಳಗೊಳಿಸಿ, ಕಂಪನವನ್ನು ಮೆಲ್ಲಗೆ ಇಳಿಸುವ ತಡೆಯನ್ನೂ ಸೇರಿಸಿದರೆ, sin ಇದ್ದ ಕಡೆ ಕ್ರಮೇಣ ಕುಗ್ಗುವ ಸೈನ್ ಅಲೆ ಬರುತ್ತದೆ. ಉಳಿದ ರೂಪ ಹಾಗೇ ಇರುತ್ತದೆ. fನ ಜಾಗದಲ್ಲಿ ದಾಖಲೆಯ ಅಂಕಿಗಳನ್ನು ಚಿಹ್ನೆ ಬದಲಿಸಿ ಇಟ್ಟು, ಅನುಕಲನದ ಬದಲು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಕೂಡುತ್ತ ಹೋದರೆ ಕಟ್ಟಡ ಎಷ್ಟು ಸರಿಯುತ್ತದೆಂದು ತಿಳಿಯುತ್ತದೆ. ಬೇರೆಬೇರೆ ತೂಗಾಟದ ಅವಧಿಗಳಿಗೆ ಇದೇ ಲೆಕ್ಕ ಮಾಡಿ ಗರಿಷ್ಠ ಬೆಲೆಗಳನ್ನು ಒಂದು ನಕ್ಷೆಗೆ ಇಳಿಸಿದರೆ ಅದೇ ರೆಸ್ಪಾನ್ಸ್ ಸ್ಪೆಕ್ಟ್ರಮ್. ಭಾರತದ ಭೂಕಂಪ ಸಂಹಿತೆ IS 1893ರಲ್ಲಿ ವಿನ್ಯಾಸಕ್ಕೆಂದು ಕೊಟ್ಟಿರುವ ವಕ್ರರೇಖೆಯೂ ಇದೇ ಬಗೆಯದು.

ಹೆಜ್ಜೆ ದೊಡ್ಡದಾದರೆ ಈ ಕೂಡಿಕೆ ಸುಳ್ಳು ಹೇಳುತ್ತದೆ. ತೂಗಾಟದ ಅವಧಿಯ ಹತ್ತನೇ ಒಂದಕ್ಕಿಂತ ಹೆಜ್ಜೆ ಚಿಕ್ಕದಿರಬೇಕು ಎಂಬುದು ಸಾಮಾನ್ಯ ನಿಯಮ. ಹೆಜ್ಜೆಯನ್ನು ಅರ್ಧಕ್ಕಿಳಿಸಿ ಮತ್ತೆ ಲೆಕ್ಕ ಹಾಕಿದಾಗ ಉತ್ತರ ಗಮನಾರ್ಹವಾಗಿ ಬದಲಾದರೆ ಮೊದಲಿನದನ್ನು ನಂಬುವಂತಿಲ್ಲ.

ಆರಂಭದಲ್ಲೇ ತೂಕ x₀ ದೂರದಲ್ಲಿದ್ದು v₀ ವೇಗದಿಂದ ಹೊರಟಿದ್ದರೆ, x₀ cos 2t + (v₀/2) sin 2t ಎಂಬ ಭಾಗವನ್ನು ಉತ್ತರಕ್ಕೆ ಕೂಡಿಸಿದರೆ ಆಯಿತು. e^(t²)ನಂಥ ಬಲಕ್ಕೆ ಲಾಪ್ಲಾಸ್ ಪರಿವರ್ತನೆಯೇ ಇಲ್ಲ. ಆದರೂ ಅನುಕಲನದ ಸೂತ್ರ ಅಲ್ಲಿಯೂ ಸರಿಯಾದ ಉತ್ತರವನ್ನೇ ಕೊಡುತ್ತದೆ. ಅದನ್ನು ಎರಡು ಸಲ ಅವಕಲಿಸಿ ಸಮೀಕರಣದಲ್ಲಿ ಹಾಕಿ ತಾಳೆ ನೋಡಬಹುದು. ಸೂತ್ರ ನಿಜವಾಗಿ ಕೈಕೊಡುವುದು ಪೆಟ್ಟುಗಳ ಪಾಲನ್ನು ಕೂಡಿಸಲಾಗದ ಕಡೆ. ಬಲವಾದ ಭೂಕಂಪದಲ್ಲಿ ಕಂಬಗಳು ಬಿರುಕು ಬಿಟ್ಟು ಉಕ್ಕು ಮಣಿಯತೊಡಗಿದರೆ ಬಿಗಿತ 4 ಆಗಿ ಉಳಿಯುವುದಿಲ್ಲ, ಹಿಂದಿನ ಪೆಟ್ಟು ಮುಂದಿನ ಪೆಟ್ಟಿನ ಪರಿಣಾಮವನ್ನೇ ಬದಲಿಸುತ್ತದೆ. ಆಗ ಸಮೀಕರಣ ರೇಖೀಯವಲ್ಲ. ಕ್ಷಣಕ್ಷಣಕ್ಕೂ ಬಿಗಿತವನ್ನು ಹೊಸದಾಗಿ ಲೆಕ್ಕ ಹಾಕಿಕೊಂಡು ಮುಂದೆ ಸಾಗುವ ಬೇರೆ ವಿಧಾನಗಳೇ ಬೇಕು.