ದನಿ ಏರಿದ ಗಳಿಗೆ ಎಲ್ಲಿದೆ?

ಒಂದು ಗಂಟೆಯ ಸಂದರ್ಶನದಿಂದ ಮೂವತ್ತು ಸೆಕೆಂಡಿನ ಪ್ರೋಮೊ ತೆಗೆಯಬೇಕು. ಅತಿಥಿ ಮೈಮರೆತು ಮಾತಾಡಿದ ಗಳಿಗೆ ಯಾವುದೆಂದು ಹುಡುಕುತ್ತ ಕೂತರೆ ಎಡಿಟರ್‌ನ ಅರ್ಧ ದಿನ ಹೋಗುತ್ತದೆ. ಆದರೆ ಆ ಗಳಿಗೆ ದನಿಯಲ್ಲೇ ಗುರುತು ಬಿಟ್ಟಿರುತ್ತದೆ.

ಉತ್ಸಾಹ ಬಂದಾಗ ಶ್ವಾಸಕೋಶದಿಂದ ಗಾಳಿ ರಭಸವಾಗಿ ಬರುತ್ತದೆ, ಗಂಟಲಿನ ಧ್ವನಿತಂತುಗಳು ಬಿಗಿಯುತ್ತವೆ. ಬಿಗಿದ ತಂತು ಬೇಗಬೇಗ ಕಂಪಿಸುವುದರಿಂದ ಶ್ರುತಿ ಏರುತ್ತದೆ, ಗಾಳಿಯ ಒತ್ತಡದಿಂದ ದನಿ ಜೋರಾಗುತ್ತದೆ. ಪ್ರಾಟ್ ಎಂಬ ಉಚಿತ ತಂತ್ರಾಂಶ ಧ್ವನಿಮುದ್ರಣವನ್ನು ಚೂರು ಚೂರು ಮಾಡಿ ಈ ಎರಡನ್ನೂ ಗೆರೆಗಳಾಗಿ ಬರೆದು ತೋರಿಸುತ್ತದೆ.

ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದರೆ ಮಾತ್ರ ಕೆಲಸ ಕೆಡುತ್ತದೆ. ಅತಿಥಿಯ ಸಹಜ ಶ್ರುತಿ 120 ಹರ್ಟ್ಸ್, ಸಂದರ್ಶಕಿಯದು 210 ಎಂದಿಟ್ಟುಕೊಳ್ಳಿ. ಇಬ್ಬರ ದನಿಯೂ 60 ಹರ್ಟ್ಸ್ ಏರಿತು. ಅತಿಥಿಯದು 180 ಮುಟ್ಟಿತು, ಅಂದರೆ ಷಡ್ಜದಿಂದ ನೇರ ಪಂಚಮಕ್ಕೆ. ಸಂದರ್ಶಕಿಯದು 270 ಆದರೂ ಅಂತರ ಗಾಂಧಾರವನ್ನು ತುಸು ದಾಟಿತು, ಅಷ್ಟೆ. ಕಿವಿಗೆ ಕೇಳುವುದು ಹರ್ಟ್ಸ್‌ಗಳ ವ್ಯತ್ಯಾಸವಲ್ಲ, ಅನುಪಾತ. ಆದ್ದರಿಂದ ಮೊದಲು ಇಡೀ ಸಂದರ್ಶನದಲ್ಲಿ ಆ ವ್ಯಕ್ತಿಯ ಶ್ರುತಿಯ ಮಧ್ಯಾಂಕ ಎಷ್ಟೆಂದು ಕಂಡುಕೊಂಡು, ಅದನ್ನೇ ಅವರ ಷಡ್ಜವೆಂದು ಹಿಡಿದು, ಎಷ್ಟು ಸ್ವರಸ್ಥಾನ ಮೇಲೇರಿದರು ಎಂದು ಎಣಿಸಬೇಕು. ಜೋರಿನ ಲೆಕ್ಕವೂ ಹೀಗೆಯೇ. ಇಬ್ಬರಿಗೂ ಬೇರೆ ಬೇರೆ ಮೈಕ್ ಕೊಟ್ಟು, ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಮುದ್ರಿಸಿಕೊಂಡಿದ್ದರೆ ಇದು ಸಲೀಸು.

ಎರಡು ಗೆರೆಗಳೂ ಒಟ್ಟಿಗೆ ಏರಿ, ಮೂರ್ನಾಲ್ಕು ಸೆಕೆಂಡಾದರೂ ಮೇಲೇ ನಿಂತ ಜಾಗವನ್ನು ಮಾತ್ರ ನಂಬುವುದು ಒಳ್ಳೆಯದು. ಅತಿಥಿ ಮೈಕ್‌ಗೆ ಬಾಗಿದರೆ ಜೋರು ಏರುತ್ತದೆ, ಶ್ರುತಿ ಏರುವುದಿಲ್ಲ. ದೂರ ಅರ್ಧವಾದರೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಕೆಮ್ಮು ಕ್ಷಣದಲ್ಲಿ ಮುಗಿಯುತ್ತದೆ. ಇನ್ನೊಂದು ಮೋಸ ತಂತ್ರಾಂಶದ್ದೇ: 120 ಇದ್ದ ಶ್ರುತಿ ಏಕಾಏಕಿ 240ಕ್ಕೆ ಜಿಗಿದಂತೆ ಕಂಡರೆ, ಅದು ತಾರಸ್ಥಾಯಿಗೆ ಹೋದ ದನಿಯಲ್ಲ, ಬಹುಪಾಲು ಎಣಿಕೆಯ ತಪ್ಪು. ಹುಡುಕುವ ಶ್ರುತಿಯ ಮೇಲ್ಮಿತಿಯನ್ನು ಆ ವ್ಯಕ್ತಿಗೆ ತಕ್ಕಂತೆ ಇಳಿಸಿದರೆ ಇದು ಬಹುಮಟ್ಟಿಗೆ ಹೋಗುತ್ತದೆ. ಅಳೆಯುವುದು ಮೂಲ ಮುದ್ರಣವನ್ನೇ ಆಗಿರಲಿ. ಕಂಪ್ರೆಸರ್ ಹಾಕಿದ ಮೇಲೆ ಪಿಸುಮಾತು, ಕೂಗುಗಳ ನಡುವಿನ ಅಂತರ ಕುಗ್ಗಿರುತ್ತದೆ.

ಇಷ್ಟಾದರೂ ಈ ಗೆರೆಗಳಿಗೆ ಉದ್ವೇಗ ಎಷ್ಟೆಂದು ಗೊತ್ತು, ಎಂಥದೆಂದು ಗೊತ್ತಿಲ್ಲ. ಸಿಟ್ಟಿಗೂ ಸಂಭ್ರಮಕ್ಕೂ ದನಿ ಏರುವುದು ಒಂದೇ ಥರ. ತೀರಿಹೋದ ತಾಯಿಯನ್ನು ನೆನೆದು ಅತಿಥಿ ದನಿ ತಗ್ಗಿಸಿ ಆಡಿದ ಮಾತು, ಪ್ರೋಮೊಗೆ ಎಷ್ಟೇ ಒಪ್ಪುವಂತಿದ್ದರೂ, ಈ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಹಾಗಾಗಿ ಗೆರೆ ತೋರಿಸಿದ ಹತ್ತು ಹದಿನೈದು ಜಾಗಗಳನ್ನು ಕಿವಿಗೊಟ್ಟು ಕೇಳಿಯೇ ಆರಿಸಿ. ದನಿ ಏರಿದಲ್ಲಿಂದಲೇ ಕತ್ತರಿಸಬೇಡಿ. ಹಿಂದಿನ ಪ್ರಶ್ನೆಯಿಂದ ಕೇಳಿ, ವಾಕ್ಯ ಶುರುವಾಗುವ ಮುಂಚಿನ ಉಸಿರಿನಿಂದ ಕತ್ತರಿಸಿ.