ದೀರ್ಘ ವೈದ್ಯಕೀಯ ರಜೆಗೆ ಅರ್ಜಿ ಹೇಗಿರಬೇಕು?

ಮಾನವ ಸಂಪನ್ಮೂಲ ವಿಭಾಗಕ್ಕೆ ಬರೆಯುವ ವೈದ್ಯಕೀಯ ರಜೆಯ ಅರ್ಜಿ ಅರ್ಧ ಪುಟ ಮೀರಬೇಕಿಲ್ಲ. ರಜೆ ಎಂದಿನಿಂದ ಎಂದಿನವರೆಗೆ, ಕಾರಣವೇನು, ಜೊತೆಗಿರುವ ದಾಖಲೆ ಯಾವುದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು.

ಮಂಡಿಯ ಶಸ್ತ್ರಚಿಕಿತ್ಸೆಗೆ ಆರು ವಾರ ಬೇಕೆಂದುಕೊಳ್ಳೋಣ. ಆಗ ಒಕ್ಕಣೆ ಹೀಗಿರಬಹುದು:

"ಮಾನ್ಯರೇ, ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಆರು ವಾರಗಳ ವಿಶ್ರಾಂತಿ ಸೂಚಿಸಿದ್ದಾರೆ. ಆದ್ದರಿಂದ ಜೂನ್ 2ರಿಂದ ಜುಲೈ 13ರವರೆಗೆ, ಒಟ್ಟು 42 ದಿನಗಳ ವೈದ್ಯಕೀಯ ರಜೆ ಮಂಜೂರು ಮಾಡಬೇಕಾಗಿ ವಿನಂತಿ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ. ಬಾಕಿ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಲಾಗಿದೆ."

ಕಾಯಿಲೆಯ ಪೂರ್ಣ ವಿವರ ಅರ್ಜಿಯಲ್ಲಿ ಬೇಕಿಲ್ಲ, ಅದಕ್ಕೆ ಪ್ರಮಾಣಪತ್ರವಿದೆ. ಅರ್ಜಿ ಸಾಮಾನ್ಯವಾಗಿ ಹಿಂದಿರುಗುವುದು ದಿನಾಂಕ ತಾಳೆಯಾಗದಿದ್ದಾಗ. ವೈದ್ಯರು ನಾಲ್ಕು ವಾರ ಬರೆದು, ಅರ್ಜಿಯಲ್ಲಿ ಆರು ವಾರ ಕೇಳಿದ್ದರೆ ಉಳಿದ ಎರಡು ವಾರಕ್ಕೆ ಆಧಾರವಿರುವುದಿಲ್ಲ. ವಿಶ್ರಾಂತಿ ಮುಂದುವರಿಯಬೇಕಾದರೆ ಮೊದಲ ಅವಧಿ ಮುಗಿಯುವ ಮುನ್ನವೇ ಹೊಸ ಪ್ರಮಾಣಪತ್ರದೊಂದಿಗೆ ವಿಸ್ತರಣೆ ಕೋರಬೇಕು.

ಇಎಸ್‌ಐ ವ್ಯಾಪ್ತಿಯ ಅರ್ಹ ನೌಕರರಿಗೆ ವರ್ಷಕ್ಕೆ ಗರಿಷ್ಠ 91 ದಿನ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಅದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರದೊಡನೆ ಪ್ರತ್ಯೇಕವಾಗಿ ಕೋರಿಕೆ ಸಲ್ಲಿಸಬೇಕು. ಕೆಲಸಕ್ಕೆ ಮರಳುವ ದಿನ ಹಲವು ಸಂಸ್ಥೆಗಳು ದೈಹಿಕ ಅರ್ಹತಾ ಪ್ರಮಾಣಪತ್ರವನ್ನೂ ಕೇಳುತ್ತವೆ.